ಪಂಪ್‌ಸೆಟ್ ಅಂಗಡಿಗೆ ಸಿದ್ಧ ಬಿಲ್ಲಿಂಗ್ ತಂತ್ರಾಂಶವೋ, ಸ್ವಂತದ್ದೋ?

ಪ್ರಶ್ನೆ: ಶಿರಾದಲ್ಲಿ ಕೊಳವೆಬಾವಿ ಮೋಟಾರು, ಪೈಪು, ಕೇಬಲ್ ಮತ್ತು ಹನಿ ನೀರಾವರಿ ಸಾಮಾನುಗಳ ಅಂಗಡಿ ಇಟ್ಟುಕೊಂಡಿದ್ದೇನೆ. ವರ್ಷದ ವಹಿವಾಟು ಸುಮಾರು 1.8 ಕೋಟಿ ರೂಪಾಯಿ. ಬಿಲ್ಲನ್ನು ಇನ್ನೂ ಕೈಯಲ್ಲೇ ಬರೆಯುತ್ತೇವೆ. ರೈತರು ಪೈಪುಗಳನ್ನು ಹೆಚ್ಚಿಗೆ ಒಯ್ದು, ಮೋಟಾರು ಇಳಿಸಿದ ಮೇಲೆ ಉಳಿದದ್ದನ್ನು ವಾಪಸ್ ತರುತ್ತಾರೆ. ಹಣ ಬೆಳೆ ಬಂದ ಮೇಲೆ ಕಂತಿನಲ್ಲಿ ಬರುತ್ತದೆ. ಆಡಿಟರ್ ಸಿದ್ಧ ತಂತ್ರಾಂಶ ಕೊಳ್ಳಿ ಎನ್ನುತ್ತಾರೆ. ಸೋದರಳಿಯ ಕೋಡ್ ಬರೆಯದೆಯೇ ಮೊಬೈಲ್ ಆ್ಯಪ್ ಮಾಡಿಕೊಡುತ್ತೇನೆ ಎನ್ನುತ್ತಾನೆ. ತುಮಕೂರಿನ ಒಬ್ಬ ಡೆವಲಪರ್ ನಮ್ಮ ಅಂಗಡಿಗೆಂದೇ ತಂತ್ರಾಂಶ ಬರೆದುಕೊಡಲು 2.5 ಲಕ್ಷ ಕೇಳಿದ್ದಾರೆ. ಯಾವ ದಾರಿ ಹಿಡಿಯಲಿ?

ಉತ್ತರ: ಬಿಲ್ಲು, ತೆರಿಗೆ, ದಾಸ್ತಾನು ಮತ್ತು ರೈತರ ಬಾಕಿ, ಈ ನಾಲ್ಕನ್ನು ಸಿದ್ಧ ತಂತ್ರಾಂಶದಲ್ಲಿಯೇ ಇಡಿ. ಯಾವ ರೈತನ ಯಾವ ಬಾವಿಗೆ ಎಷ್ಟು ಆಳಕ್ಕೆ ಯಾವ ಮೋಟಾರು ಇಳಿಯಿತು, ಅದರ ಕ್ರಮಸಂಖ್ಯೆ ಏನು, ವಾರಂಟಿ ಎಂದಿಗೆ ಮುಗಿಯುತ್ತದೆ ಎಂಬ ಲೆಕ್ಕವನ್ನು ನಿಮ್ಮ ಸೋದರಳಿಯ ನೋ-ಕೋಡ್ ಸಾಧನದಲ್ಲಿ ಮಾಡಿಕೊಡಲಿ. ಡೆವಲಪರ್‌ಗೆ 2.5 ಲಕ್ಷ ಕೊಡುವ ಅಗತ್ಯ ನಿಮಗೆ ಈಗ ಇಲ್ಲ. ಹೀಗೆ ಖಚಿತವಾಗಿ ಹೇಳಲು ಕಾರಣವಿದೆ. ನೀವು ಬರೆದಿರುವ ಎರಡು ತೊಡಕುಗಳಲ್ಲಿ, ಅಂದರೆ ವಾಪಸ್ ಬರುವ ಸರಕು ಮತ್ತು ಕಂತಿನ ವಸೂಲಿಯಲ್ಲಿ, ನಿಮ್ಮ ಅಂಗಡಿಗೆ ಮಾತ್ರ ಸೀಮಿತವಾದದ್ದು ಏನೂ ಇಲ್ಲ. ಇವೆರಡನ್ನೂ ಸಿದ್ಧ ತಂತ್ರಾಂಶಗಳು ಬಹುಕಾಲದಿಂದ ನಿಭಾಯಿಸುತ್ತಿವೆ.

ಮೊದಲು ಬಿಲ್ಲಿನ ಭಾಗವನ್ನು ಸ್ವಂತವಾಗಿ ಏಕೆ ಬರೆಸಬಾರದು ಎಂಬುದನ್ನು ನೋಡೋಣ. ಬಿಲ್ಲು ಮುದ್ರಿಸುವ ಕಾರ್ಯಕ್ರಮವನ್ನು ಬರೆಯುವುದು ಒಬ್ಬ ಸಾಧಾರಣ ಡೆವಲಪರ್‌ಗೂ ಕಷ್ಟವಲ್ಲ. ಕಷ್ಟವಿರುವುದು ಆಮೇಲೆ ಬರುವ ಸರ್ಕಾರಿ ಬದಲಾವಣೆಗಳನ್ನು ಸಕಾಲದಲ್ಲಿ ಅದಕ್ಕೆ ಅಳವಡಿಸುತ್ತ ಹೋಗುವುದರಲ್ಲಿ. ನಿಮ್ಮ ಸರಕನ್ನೇ ತೆಗೆದುಕೊಳ್ಳಿ. ಸಬ್‌ಮರ್ಸಿಬಲ್ ಪಂಪುಗಳ ಮೇಲಿನ ಜಿಎಸ್‌ಟಿ 2022ರ ಜುಲೈ 18ರಂದು ಶೇ 12ರಿಂದ ಶೇ 18ಕ್ಕೆ ಏರಿತು. ಹನಿ ಮತ್ತು ತುಂತುರು ನೀರಾವರಿ ಸಾಧನಗಳ ಮೇಲಿನದು 2025ರ ಸೆಪ್ಟೆಂಬರ್ 22ರಂದು ಶೇ 12ರಿಂದ ಶೇ 5ಕ್ಕೆ ಇಳಿಯಿತು. ಇ-ಇನ್‌ವಾಯ್ಸ್ ಕಡ್ಡಾಯ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟು ಮೀರಿದವರಿಗೆ ಮಾತ್ರ ಇತ್ತು. 2023ರ ಆಗಸ್ಟ್ ವೇಳೆಗೆ ಆ ಮಿತಿ 5 ಕೋಟಿಗೆ ಇಳಿಯಿತು. ನಿಮಗೆ ಅದು ಇಂದು ಅನ್ವಯಿಸದು, ಆದರೆ ಮಿತಿ ಸಾಗುತ್ತಿರುವ ದಿಕ್ಕು ಸ್ಪಷ್ಟವಾಗಿದೆ. ಇಂಥ ಪ್ರತಿ ಬದಲಾವಣೆಗೂ ಸಿದ್ಧ ತಂತ್ರಾಂಶದ ಕಂಪನಿ ತನ್ನ ಲಕ್ಷಾಂತರ ಗ್ರಾಹಕರಿಗಾಗಿ ಒಂದು ಸಲ ಕೆಲಸ ಮಾಡುತ್ತದೆ, ಅದರಲ್ಲಿ ನಿಮ್ಮ ಪಾಲಿನ ವೆಚ್ಚ ತೀರ ಅಲ್ಪ. ಸ್ವಂತ ತಂತ್ರಾಂಶವಾದರೆ ಆ ಇಡೀ ಕೆಲಸದ ವೆಚ್ಚವನ್ನು ನೀವೊಬ್ಬರೇ ಭರಿಸಬೇಕು, ಅದೂ ಡೆವಲಪರ್ ಕೈಗೆ ಸಿಕ್ಕ ದಿನ.

ಈಗ ನಿಮ್ಮ ನಿಜವಾದ ಚಿಂತೆಗೆ, ಅಂದರೆ ವಾಪಸ್ ಬರುವ ಪೈಪುಗಳ ವಿಷಯಕ್ಕೆ ಬರುತ್ತೇನೆ. ಒಬ್ಬ ರೈತರು 540 ಅಡಿಗೆ ಮೋಟಾರು ಇಳಿಸುವ ಅಂದಾಜಿನಲ್ಲಿ, ಕಡಿಮೆ ಬೀಳಬಾರದೆಂದು 10 ಅಡಿಯ 60 ಕಾಲಂ ಪೈಪುಗಳನ್ನು ಒಯ್ದರು ಎಂದಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಒಂದು ಪೈಪಿಗೆ ತೆರಿಗೆ ಬಿಟ್ಟು 1,000 ರೂಪಾಯಿ ಎಂದು ಹಿಡಿಯೋಣ. 60,000ಕ್ಕೆ ಶೇ 18ರ ತೆರಿಗೆ ಸೇರಿ 70,800 ರೂಪಾಯಿ ಆಗುತ್ತದೆ. ಕೊನೆಗೆ ಮೋಟಾರು 480 ಅಡಿಗೆ ನಿಂತು, 48 ಪೈಪು ಬಳಕೆಯಾಗಿ, 12 ಪೈಪು ವಾಪಸ್ ಬಂದವು. ಹಿಂತಿರುಗಿದ ಸರಕಿನ ಮೌಲ್ಯ ತೆರಿಗೆ ಸಹಿತ 14,160. ರೈತರು ಕೊಡಬೇಕಾದದ್ದು 56,640.

ಇದನ್ನು ಬರೆಯಲು ಎರಡು ಕ್ರಮಗಳಿವೆ. ಒಂದು, 60 ಪೈಪಿಗೂ ಅಂದೇ ಬಿಲ್ಲು ಮಾಡಿ, ವಾಪಸ್ ಬಂದಾಗ 12 ಪೈಪಿಗೆ ಕ್ರೆಡಿಟ್ ನೋಟ್ ಕೊಡುವುದು. ಇನ್ನೊಂದು, 60 ಪೈಪನ್ನು ಡೆಲಿವರಿ ಚಲನ್ ಮೇಲೆ ಕಳುಹಿಸಿ, ಎಷ್ಟು ಬಳಕೆಯಾಯಿತು ಎಂದು ತಿಳಿದ ಮೇಲೆ 48ಕ್ಕೆ ಮಾತ್ರ ಬಿಲ್ಲು ಮಾಡುವುದು. ಮಾರಾಟ ಖಚಿತವಾಗುವ ಮೊದಲು ಒಪ್ಪಿಗೆಯ ಮೇಲೆ ಕಳುಹಿಸಿದ ಸರಕಿಗೆ ಜಿಎಸ್‌ಟಿ ಕಾಯ್ದೆಯ 31(7)ನೇ ಕಲಮು ಅವಕಾಶ ಕೊಡುತ್ತದೆ. ಮಾರಾಟ ಖಚಿತವಾದ ದಿನ ಅಥವಾ ಸರಕು ಹೊರಟು ಆರು ತಿಂಗಳು, ಇವೆರಡರಲ್ಲಿ ಮೊದಲು ಬರುವುದರೊಳಗೆ ಬಿಲ್ಲು ಆಗಿರಬೇಕು. ನಿಮ್ಮ ರೈತರು ನಾಲ್ಕೈದು ದಿನಗಳಲ್ಲೇ ಉಳಿದದ್ದನ್ನು ತರುವುದರಿಂದ ಈ ಅವಧಿ ನಿಮಗೆ ತೊಡಕಾಗದು. ಆದರೆ ನಿಮ್ಮ ವ್ಯವಹಾರದ ರೀತಿ ಈ ಕಲಮಿಗೆ ಹೊಂದುತ್ತದೆಯೇ ಎಂಬುದನ್ನು, ಮತ್ತು ಸರಕಿನ ಮೌಲ್ಯ 50,000 ದಾಟಿದಾಗ ಚಲನ್ ಜೊತೆಗೆ ಇ-ವೇ ಬಿಲ್ ಹೇಗೆ ಮಾಡಬೇಕು ಎಂಬುದನ್ನು ಆಡಿಟರ್ ಬಳಿ ಮೊದಲೇ ನಿರ್ಧರಿಸಿಕೊಳ್ಳಿ. ಕತ್ತರಿಸಿದ ಕೇಬಲ್ ಹೇಗೂ ವಾಪಸ್ ಬರುವುದಿಲ್ಲವಾದ್ದರಿಂದ ಅದನ್ನು ಚಲನ್‌ಗೆ ಸೇರಿಸದೆ ನೇರವಾಗಿ ಬಿಲ್ಲು ಮಾಡುವುದು ಒಳ್ಳೆಯದು.

ಟ್ಯಾಲಿಪ್ರೈಮ್‌ನಲ್ಲಿ ಈ ಎರಡನೆಯ ಕ್ರಮಕ್ಕೆ ಬೇಕಾದ ವೋಚರುಗಳು ಈಗಾಗಲೇ ಇವೆ: ಸರಕು ಹೊರಟಾಗ ಡೆಲಿವರಿ ನೋಟ್, ವಾಪಸ್ ಬಂದಾಗ ರಿಜೆಕ್ಷನ್ ಇನ್, ಕೊನೆಗೆ ಅದೇ ಟ್ರ್ಯಾಕಿಂಗ್ ಸಂಖ್ಯೆ ಹಿಡಿದು ಮಾರಾಟದ ಬಿಲ್ಲು. ಮೊಬೈಲ್ ಆಧಾರಿತ ಬಿಲ್ಲಿಂಗ್ ಆ್ಯಪ್‌ಗಳಲ್ಲಿಯೂ ಚಲನ್ ಮಾಡಿ ಅದನ್ನು ಬಿಲ್ಲಾಗಿ ಪರಿವರ್ತಿಸುವ ಸೌಲಭ್ಯ ಸಾಮಾನ್ಯವಾಗಿದೆ. ಆದರೆ ಪರಿವರ್ತಿಸುವಾಗ ಪ್ರಮಾಣವನ್ನು 60ರಿಂದ 48ಕ್ಕೆ ಇಳಿಸಿದರೆ ಉಳಿದ 12 ತಾನಾಗಿ ದಾಸ್ತಾನಿಗೆ ಮರಳುತ್ತದೆಯೇ, ಇಲ್ಲವೇ ಚಲನ್‌ನಲ್ಲೇ ಬಾಕಿ ಉಳಿಯುತ್ತದೆಯೇ ಎಂಬುದು ಒಂದೊಂದರಲ್ಲಿ ಒಂದೊಂದು ರೀತಿ. ಕೊಳ್ಳುವ ಮೊದಲು ಮಾರಾಟ ಪ್ರತಿನಿಧಿಯ ಎದುರಿಗೇ ಇದೇ ಉದಾಹರಣೆಯನ್ನು ಹಾಕಿಸಿ, ಪೈಪಿನ ದಾಸ್ತಾನು ಎಷ್ಟು ತೋರಿಸುತ್ತದೆ ಎಂದು ನೋಡಿ. 48 ಮಾತ್ರ ಕಡಿಮೆಯಾಗಿದ್ದರೆ ಸರಿ. 60 ಕಡಿಮೆಯಾಗಿಯೇ ಉಳಿದಿದ್ದರೆ ಆ ತಂತ್ರಾಂಶ ನಿಮಗೆ ಬೇಡ.

ಮೊದಲನೆಯ ಕ್ರಮವನ್ನೇ, ಅಂದರೆ ಕ್ರೆಡಿಟ್ ನೋಟ್ ದಾರಿಯನ್ನೇ ನೀವು ಆರಿಸಿಕೊಂಡರೂ ಒಂದು ಸೂಕ್ಷ್ಮವಿದೆ. ನಾನು ನೋಡಿದ ಸ್ವಂತ ತಂತ್ರಾಂಶಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. 2025ರ ಸೆಪ್ಟೆಂಬರ್ 10ರಂದು ಶೇ 12ರ ತೆರಿಗೆಯಲ್ಲಿ ಮಾರಿದ ಸ್ಪ್ರಿಂಕ್ಲರ್‌ಗಳಲ್ಲಿ ಕೆಲವು ಅಕ್ಟೋಬರ್ 1ರಂದು ವಾಪಸ್ ಬಂದಿದ್ದರೆ, ಕ್ರೆಡಿಟ್ ನೋಟ್‌ನಲ್ಲಿ ಯಾವ ದರ ಇರಬೇಕು? ಅದು ಹಳೆಯ ಬಿಲ್ಲಿನ ತಿದ್ದುಪಡಿಯಾದ್ದರಿಂದ ಶೇ 12ರ ದರವೇ ಇರಬೇಕು. ತೆರಿಗೆ ದರವನ್ನು ಸರಕಿನ ಹೆಸರಿನ ಮುಂದೆ ಒಂದೇ ಅಂಕಿಯಾಗಿ ಇಟ್ಟಿರುವ ತಂತ್ರಾಂಶದಲ್ಲಿ, ಸೆಪ್ಟೆಂಬರ್ 22ರಂದು ಯಾರೋ 12ನ್ನು ಅಳಿಸಿ 5 ಎಂದು ಬರೆದ ಕ್ಷಣದಿಂದ ಹಳೆಯ ಸರಕಿನ ವಾಪಸಾತಿಯೂ ಶೇ 5ರಲ್ಲೇ ಮುದ್ರಿತವಾಗುತ್ತದೆ. ರೈತನಿಗೆ ಕೊಡಬೇಕಾದ ಹಣ ಕಡಿಮೆಯಾಗುತ್ತದೆ, ನೀವು ಕಟ್ಟಿದ ತೆರಿಗೆಯ ಒಂದು ಪಾಲು ವ್ಯರ್ಥವಾಗಿ ಹೋಗುತ್ತದೆ. ಕೆಲವದರಲ್ಲಂತೂ ಹಳೆಯ ಬಿಲ್ಲನ್ನು ಮತ್ತೆ ತೆರೆದು ಮುದ್ರಿಸಿದರೆ ಅದರ ತೆರಿಗೆಯೂ ಬದಲಾಗಿರುತ್ತದೆ. ದರವನ್ನು ಜಾರಿಯ ದಿನಾಂಕದೊಂದಿಗೆ ಇಡುವುದು ಮತ್ತು ಪ್ರತಿ ಬಿಲ್ಲಿನ ಸಾಲಿನಲ್ಲೂ ಅಂದಿನ ದರವನ್ನು ಉಳಿಸುವುದು ಇದಕ್ಕೆ ಪರಿಹಾರ. ಸಿದ್ಧ ತಂತ್ರಾಂಶಕ್ಕಾಗಲಿ ಡೆವಲಪರ್‌ಗಾಗಲಿ ಈ ಪರೀಕ್ಷೆಯನ್ನು ತಪ್ಪದೆ ಒಡ್ಡಿ. ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಬಾಕಿಯ ವಿಷಯದಲ್ಲಿ ಬೇಕಾದದ್ದು ಬಿಲ್‌ವಾರು ಲೆಕ್ಕ. ರೈತರ ಒಟ್ಟು ಬಾಕಿ ಮಾತ್ರ ತಿಳಿದರೆ ಸಾಲದು. ಯುಗಾದಿಯ ನಂತರ ಬಂದ 20,000 ರೂಪಾಯಿ ಮೋಟಾರಿನ ಬಿಲ್ಲಿಗೆ ಸಂದಿತೋ ಪೈಪಿನ ಬಿಲ್ಲಿಗೆ ಸಂದಿತೋ ಎಂಬುದೂ ದಾಖಲಾಗಬೇಕು. ಇದಕ್ಕಿಂತ ದೊಡ್ಡ ಗೊಂದಲ ಹೆಸರಿನದು. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ವರು ಇರುವ ಸೀಮೆ ನಮ್ಮದು. ಒಬ್ಬರು ಕಟ್ಟಿದ ಹಣ ಇನ್ನೊಬ್ಬರ ಖಾತೆಗೆ ಜಮೆಯಾಗಿ ವರ್ಷಾಂತ್ಯದಲ್ಲಿ ಜಗಳವಾಗುವುದನ್ನು ಯಾವ ತಂತ್ರಾಂಶವೂ ತಾನಾಗಿ ತಡೆಯದು. ಖಾತೆಯ ಹೆಸರಿನಲ್ಲಿಯೇ ರೈತರ ಹೆಸರು, ತಂದೆಯ ಹೆಸರು, ಊರು ಮತ್ತು ಮೊಬೈಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಸೇರಿರುವಂತೆ ಮೊದಲ ದಿನದಿಂದಲೇ ನಿಯಮ ಮಾಡಿ. ಹೆಸರನ್ನು ಕನ್ನಡದಲ್ಲಿ ಬರೆಯುವುದಾದರೆ ನಿಮ್ಮಲ್ಲಿರುವ ಪ್ರಿಂಟರಿನಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಒಂದು ಬಿಲ್ಲು ತೆಗೆದು ನೋಡಿ. ಕೆಲವು ಸಣ್ಣ ಥರ್ಮಲ್ ಪ್ರಿಂಟರ್‌ಗಳಲ್ಲಿ ಅಕ್ಷರಗಳು ಒಡೆದು ಬೀಳುತ್ತವೆ.

ಇನ್ನು ನಿಮ್ಮ ಸೋದರಳಿಯನ ಆ್ಯಪ್. ಅವರ ಸಲಹೆಯನ್ನು ನಾನು ತಳ್ಳಿಹಾಕುವುದಿಲ್ಲ, ಅದಕ್ಕೆ ತಕ್ಕ ಕೆಲಸ ನಿಮ್ಮ ಅಂಗಡಿಯಲ್ಲಿದೆ. ಆದರೆ ಬಿಲ್ಲು ಮಾಡುವ ಕೆಲಸವನ್ನು ಅದಕ್ಕೆ ಕೊಡಬೇಡಿ. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ಲಿನ ಸಂಖ್ಯೆ ಅನುಕ್ರಮವಾಗಿರಬೇಕು, ಆ ಹಣಕಾಸು ವರ್ಷದಲ್ಲಿ ಪುನರಾವರ್ತನೆಯಾಗಬಾರದು ಮತ್ತು 16 ಅಕ್ಷರ ಮೀರಬಾರದು. ಗೂಗಲ್‌ನ ಆ್ಯಪ್‌ಶೀಟ್‌ನಂಥ ಸಾಧನಗಳಲ್ಲಿ ಪ್ರತಿ ಮೊಬೈಲೂ ತನ್ನಲ್ಲಿರುವ ಪ್ರತಿಯ ಮೇಲೆ ಕೆಲಸ ಮಾಡಿ ಆಮೇಲೆ ಸರ್ವರ್‌ಗೆ ಕಳುಹಿಸುತ್ತದೆ. ನೀವು ಅಂಗಡಿಯಲ್ಲಿ 412ನೇ ಬಿಲ್ಲು ಮಾಡುತ್ತಿರುವಾಗ, ನೆಟ್‌ವರ್ಕ್ ಇಲ್ಲದ ತೋಟದಲ್ಲಿ ನಿಮ್ಮ ಹುಡುಗನ ಮೊಬೈಲೂ ಕೊನೆಯ ಸಂಖ್ಯೆ 411 ಎಂದು ಓದಿ, ಒಂದು ಕೂಡಿಸಿ, ಇನ್ನೊಂದು 412 ಮಾಡುತ್ತದೆ. ಹಲವರು ಬಳಸುವ ಆ್ಯಪ್‌ನಲ್ಲಿ ಅನುಕ್ರಮ ಸಂಖ್ಯೆಯನ್ನು ದಾಖಲೆಯ ಗುರುತಾಗಿ ಬಳಸಬೇಡಿ ಎಂದು ಆ್ಯಪ್‌ಶೀಟ್‌ನ ಮಾರ್ಗದರ್ಶಿಯೇ ಎಚ್ಚರಿಸುತ್ತದೆ. ಅದರ ಬದಲು ಬಳಸಬೇಕಾದ ಸೂತ್ರ ಇದು:

```
UNIQUEID()
```

ಇದು ಅಕ್ಷರ ಮತ್ತು ಅಂಕಿ ಬೆರೆತ, ಅನುಕ್ರಮವಿಲ್ಲದ ಗುರುತನ್ನು ಕೊಡುತ್ತದೆ. ಮೋಟಾರಿನ ದಾಖಲೆಗೆ ಅದು ಸಾಕು, ತೆರಿಗೆ ಬಿಲ್ಲಿಗೆ ಆಗದು.

ಹಾಗಾದರೆ ಆ ಆ್ಯಪ್‌ನಲ್ಲಿ ಏನಿರಬೇಕು? ಒಂದು ಬಾವಿಗೆ ಒಂದು ಪುಟ ಎಂದು ಯೋಚಿಸಿ. ರೈತರ ಹೆಸರು ಮತ್ತು ಊರು, ಬಾವಿಯ ಒಟ್ಟು ಆಳ, ಮೋಟಾರು ಇಳಿಸಿದ ಆಳ, ಎಷ್ಟು ಪೈಪು, ಎಷ್ಟು ಮೀಟರ್ ಕೇಬಲ್, ಮೋಟಾರಿನ ಎಚ್‌ಪಿ ಮತ್ತು ಸ್ಟೇಜ್, ಕ್ರಮಸಂಖ್ಯೆ, ಇಳಿಸಿದ ದಿನಾಂಕ, ಬಿಲ್ಲಿನ ಸಂಖ್ಯೆ ಮತ್ತು ಮೋಟಾರಿನ ಮೇಲಿರುವ ಫಲಕದ ಫೋಟೊ. ಫೋಟೊ ಬಹಳ ಮುಖ್ಯ, ಏಕೆಂದರೆ ಮೋಟಾರು ಬಾವಿಗೆ ಇಳಿದ ಮೇಲೆ ಆ ಸಂಖ್ಯೆಯನ್ನು ಓದಲು ಅದನ್ನು ಮೇಲೆತ್ತುವುದೊಂದೇ ದಾರಿ. ಮುಂದಿನ ಬೇಸಿಗೆಯಲ್ಲಿ ಮೋಟಾರು ಸುಟ್ಟಿತೆಂದು ರೈತರು ಫೋನ್ ಮಾಡಿದಾಗ ವಾರಂಟಿ ಇದೆಯೇ, ಮೇಲೆತ್ತಲು ಎಷ್ಟು ಪೈಪು ಬಿಚ್ಚಬೇಕು, ಬದಲಿ ಮೋಟಾರು ಎಷ್ಟು ಸ್ಟೇಜಿನದು ಬೇಕು ಎಂಬುದು ಗಾಡಿ ಹೊರಡುವ ಮೊದಲೇ ತಿಳಿಯುತ್ತದೆ. ಬೇರೆ ಅಂಗಡಿಗಳಿಗಿಂತ ನಿಮ್ಮದು ಭಿನ್ನವಾಗುವುದು ಈ ದಾಖಲೆಯಿಂದ. ಸಿದ್ಧ ತಂತ್ರಾಂಶಗಳಲ್ಲಿ ಇದಕ್ಕೆ ಸರಿಯಾದ ಜಾಗ ಇಲ್ಲ. ಕ್ರಮಸಂಖ್ಯೆಯನ್ನೇನೋ ಹಾಕಬಹುದು, ಬಾವಿಯ ಆಳವನ್ನು ಎಲ್ಲಿ ಬರೆಯುವಿರಿ?

ಈ ಎರಡರ ನಡುವೆ ಕೊಂಡಿಯಾಗಿ ಬಿಲ್ಲಿನ ಸಂಖ್ಯೆ ಒಂದೇ ಇರಲಿ. ದಾಸ್ತಾನನ್ನಾಗಲಿ ಬಾಕಿಯನ್ನಾಗಲಿ ಆ್ಯಪ್‌ನಲ್ಲೂ ಬರೆಯತೊಡಗಿದರೆ ಮೂರು ತಿಂಗಳಲ್ಲಿ ಎರಡು ಬೇರೆ ಬೇರೆ ಮೊತ್ತಗಳು ಹುಟ್ಟುತ್ತವೆ, ಯಾವುದು ನಿಜವೆಂದು ಯಾರಿಗೂ ತಿಳಿಯದು. ಹಾಗೆಯೇ ಆ್ಯಪ್ ಮತ್ತು ಅದರ ಹಿಂದಿನ ಶೀಟ್ ಅಂಗಡಿಯ ಹೆಸರಿನ ಗೂಗಲ್ ಖಾತೆಯಲ್ಲಿರಲಿ, ಸೋದರಳಿಯನ ಸ್ವಂತ ಖಾತೆಯಲ್ಲಿ ಬೇಡ. ಅವರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೂ, ಖಾತೆ ಮುಚ್ಚಿದರೂ ನಿಮ್ಮ ದಾಖಲೆಗೆ ಧಕ್ಕೆಯಾಗಬಾರದು. ಇಂಥ ಸಾಧನಗಳ ಶುಲ್ಕ ಬಳಸುವವರ ತಲೆಯೆಣಿಕೆಯ ಮೇಲೆ ಪ್ರತಿ ತಿಂಗಳು ಬರುವುದರಿಂದ, ನೀವು ಮತ್ತು ಸ್ಥಳಕ್ಕೆ ಹೋಗುವ ಮೆಕ್ಯಾನಿಕ್ ಇಬ್ಬರಿಗೆ ಮಾತ್ರ ಪ್ರವೇಶ ಸಾಕು.

ಸ್ವಂತ ತಂತ್ರಾಂಶ ಎಂದಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಎರಡು ಮೂರು ಊರುಗಳಲ್ಲಿ ಶಾಖೆ ತೆರೆದು, ಒಂದರ ಪೈಪು ಇನ್ನೊಂದಕ್ಕೆ ಹೋಗಿ, ಹತ್ತು ಮೆಕ್ಯಾನಿಕ್‌ಗಳ ದೂರು ಮತ್ತು ಭೇಟಿಗಳನ್ನು ಹಂಚಬೇಕಾದಾಗ, ಈ ಬಾವಿ ಪುಸ್ತಕವನ್ನು ಗಟ್ಟಿಯಾದ ತಂತ್ರಾಂಶವಾಗಿ ಬರೆಸುವುದು ನ್ಯಾಯವೇ. ಆಗ ನಿಮ್ಮ ಕೈಯಲ್ಲಿ ಒಂದು ಹಂಗಾಮು ಬಳಸಿ ಪಳಗಿದ ಆ್ಯಪ್ ಇರುವುದರಿಂದ, ಏನು ಬೇಕು ಎಂಬುದನ್ನು ಡೆವಲಪರ್‌ಗೆ ಬಾಯಲ್ಲಿ ವಿವರಿಸುವ ಬದಲು ತೋರಿಸಬಹುದು. ಅಂದಾಜು ವೆಚ್ಚವೂ ವಾಸ್ತವಕ್ಕೆ ಹತ್ತಿರವಾಗುತ್ತದೆ. ಟ್ಯಾಲಿ ಬಳಸುವವರಿಗೆ ನಡುವೆ ಇನ್ನೊಂದು ಮೆಟ್ಟಿಲೂ ಇದೆ: ಬಿಲ್ಲಿನ ವಿನ್ಯಾಸ ಬದಲಿಸುವುದು, ಒಂದೆರಡು ಹೆಚ್ಚಿನ ಅಂಕಣ ಸೇರಿಸುವುದು ಮುಂತಾದ ಸಣ್ಣ ಮಾರ್ಪಾಡುಗಳನ್ನು ಟಿಡಿಎಲ್ ಎಂಬ ಅದರದೇ ಭಾಷೆಯಲ್ಲಿ ಸ್ಥಳೀಯ ಟ್ಯಾಲಿ ಪಾಲುದಾರರು ಬರೆದುಕೊಡುತ್ತಾರೆ. ನಿಮ್ಮ ಬಿಲ್ಲಿನಲ್ಲಿ ಮೋಟಾರಿನ ಕ್ರಮಸಂಖ್ಯೆ ದಪ್ಪ ಅಕ್ಷರದಲ್ಲಿ ಮೂಡಬೇಕು ಎಂಬಷ್ಟಕ್ಕೆ 2.5 ಲಕ್ಷ ಬೇಕಾಗಿಲ್ಲ.

ಆ 2.5 ಲಕ್ಷ ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಮೊದಲ ವರ್ಷದ ನಂತರ ನಿರ್ವಹಣೆಗೆಂದು ವರ್ಷಕ್ಕೆ ಮೂಲ ಬೆಲೆಯ ಶೇ 15ರಿಂದ 20ರಷ್ಟು ಕೇಳುವುದು ವಾಡಿಕೆ. ಶೇ 18 ಎಂದು ಹಿಡಿದರೂ ವರ್ಷಕ್ಕೆ 45,000, ಐದು ವರ್ಷಗಳಲ್ಲಿ ಒಟ್ಟು 4.3 ಲಕ್ಷ. ಸರ್ವರ್ ಬಾಡಿಗೆ ಇದರಲ್ಲಿ ಸೇರಿಲ್ಲ. ಮುಂದೆಂದಾದರೂ ಬರೆಸುವುದಾದರೆ ಒಂದು ಕಾನೂನಿನ ವಿಷಯ ನೆನಪಿರಲಿ: ಹಣ ಕೊಟ್ಟ ಮಾತ್ರಕ್ಕೆ ಕೋಡ್ ನಿಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನಿಮ್ಮ ನೌಕರನಲ್ಲದ ಹೊರಗಿನ ಡೆವಲಪರ್ ಬರೆದ ತಂತ್ರಾಂಶದ ಮೊದಲ ಒಡೆಯರು ಅವರೇ. ಹಕ್ಕು ನಿಮಗೆ ಬರಬೇಕಾದರೆ ಲಿಖಿತ ವರ್ಗಾವಣೆ ಆಗಬೇಕು. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಆದ್ದರಿಂದ ಕೃತಿಸ್ವಾಮ್ಯದ ಪೂರ್ಣಾವಧಿಗೆ ಎಂದು ಬರೆಸಿಕೊಳ್ಳಿ. ಸರ್ವರ್ ಮತ್ತು ಡೊಮೇನ್ ಖಾತೆಗಳು ನಿಮ್ಮ ಹೆಸರಿನಲ್ಲಿರಲಿ, ಮತ್ತು ಪ್ರತಿ ಕಂತಿನ ಹಣ ಕೊಡುವಾಗ ಅಲ್ಲಿಯವರೆಗಿನ ಮೂಲ ಕೋಡ್ ನಿಮ್ಮ ಕೈಗೆ ಬರಲಿ.

ಸಿದ್ಧ ತಂತ್ರಾಂಶವನ್ನು ಆರಿಸುವ ಕೆಲಸಕ್ಕೆ ಮರಳುತ್ತೇನೆ. ಯಾವುದು ಉತ್ತಮ ಎಂದು ಹೆಸರು ಹಿಡಿದು ಹೇಳುವುದಕ್ಕಿಂತ, ನಿಮ್ಮ ಆಡಿಟರ್ ಕಚೇರಿಯಲ್ಲಿ ದಿನವೂ ಬಳಸುವ ತಂತ್ರಾಂಶದಿಂದ ಪರೀಕ್ಷೆ ಆರಂಭಿಸಿ ಎನ್ನುತ್ತೇನೆ, ಏಕೆಂದರೆ ದತ್ತಾಂಶವನ್ನು ಅವರಿಗೆ ಕಳುಹಿಸುವುದು ಆಗ ಸಲೀಸು. ಹಳೆಯ ಬಿಲ್ ಪುಸ್ತಕದಿಂದ ಅತ್ಯಂತ ತೊಡಕಿನ ಹತ್ತು ವ್ಯವಹಾರಗಳನ್ನು ಆರಿಸಿ, ಪ್ರಾಯೋಗಿಕ ಆವೃತ್ತಿಯಲ್ಲಿ ನೀವೇ ಕುಳಿತು ನಮೂದಿಸಿ. ಪೈಪಿನ ವಾಪಸಾತಿ, ಡ್ರಮ್ಮಿನಲ್ಲಿ ಕೊಂಡು ಮೀಟರಿನಲ್ಲಿ ಮಾರಿದ ಕೇಬಲ್, ಮೂರು ಕಂತಿನಲ್ಲಿ ಬಂದ ಹಣ, ಹಳೆಯ ದರದ ಸ್ಪ್ರಿಂಕ್ಲರ್ ಇವೆಲ್ಲ ಅದರಲ್ಲಿರಲಿ. ಆಮೇಲೆ ಅದರಿಂದ ಜಿಎಸ್‌ಟಿಆರ್-1ರ ಕಡತ ತೆಗೆದು ಆಡಿಟರ್‌ಗೆ ಕಳುಹಿಸಿ, ಅವರು ಕೈಯಲ್ಲಿ ತಿದ್ದದೆ ಅದನ್ನು ಬಳಸಲು ಸಾಧ್ಯವೇ ಎಂದು ಕೇಳಿ.

ಆರಂಭಕ್ಕೆ ಏಪ್ರಿಲ್ 1 ಅತ್ಯುತ್ತಮ. ಅದು ದೂರವಿದ್ದರೆ ಯಾವುದಾದರೂ ತ್ರೈಮಾಸಿಕದ ಮೊದಲ ದಿನವೂ ಆಗಬಹುದು. ಅಂದು ಗೋದಾಮಿನ ಸರಕನ್ನು ನಿಜವಾಗಿ ಎಣಿಸಿ ನಮೂದಿಸಿ, ಪುಸ್ತಕದಲ್ಲಿ ಬರೆದಿರುವುದನ್ನು ನಂಬಬೇಡಿ. ರೈತರ ಹಳೆಯ ಬಾಕಿಯನ್ನು ಒಂದೇ ಮೊತ್ತವಾಗಿ ಹಾಕದೆ ಹಳೆಯ ಬಿಲ್ಲುಗಳ ಸಂಖ್ಯೆ ಮತ್ತು ದಿನಾಂಕದೊಂದಿಗೆ ಬಿಡಿಬಿಡಿಯಾಗಿ ಹಾಕಿ. ಎರಡು ಮೂರು ದಿನ ಹಿಡಿಯುವ ಬೇಸರದ ಕೆಲಸ ಇದು, ಆದರೂ ಬಿಡಬೇಡಿ. ಬಿಲ್ಲಿಗೆ ಹೊಸ ಸರಣಿ ಕೊಡಿ. `SR/26-27/0001` ಎಂಬ ಮಾದರಿ 13 ಅಕ್ಷರಗಳಲ್ಲೇ ಮುಗಿಯುತ್ತದೆ. ಆ ದಿನದಿಂದ ಕೈಬಿಲ್ಲಿನ ಪುಸ್ತಕವನ್ನು ಕರೆಂಟ್ ಇಲ್ಲದ ಹೊತ್ತಿಗೆ ಮಾತ್ರ, ಅದಕ್ಕೆಂದೇ ಬೇರೆ ಸರಣಿಯಲ್ಲಿ ಇಟ್ಟುಕೊಂಡು, ಅಂದೇ ಸಂಜೆ ತಂತ್ರಾಂಶಕ್ಕೆ ಏರಿಸಿ.

ಹಣ ಕಟ್ಟುವ ಮೊದಲು ಮಾರಾಟಗಾರರಿಂದ ಒಂದು ಉತ್ತರವನ್ನು ಬರಹದಲ್ಲಿ ಪಡೆಯಿರಿ: ಮುಂದಿನ ವರ್ಷ ನಾನು ಚಂದಾ ನವೀಕರಿಸದಿದ್ದರೆ ಹಳೆಯ ಬಿಲ್ಲುಗಳನ್ನು ನೋಡಲು, ಮುದ್ರಿಸಲು ಮತ್ತು ಎಕ್ಸೆಲ್ ಕಡತವಾಗಿ ಹೊರತೆಗೆಯಲು ಬರುತ್ತದೆಯೇ? ಶಾಶ್ವತ ಪರವಾನಗಿಯ ತಂತ್ರಾಂಶಗಳಲ್ಲಿ ಹೊಸ ಪರಿಷ್ಕರಣೆಗಳು ನಿಂತರೂ ಹಳೆಯ ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ವಾರ್ಷಿಕ ಚಂದಾದ ಆ್ಯಪ್‌ಗಳಲ್ಲಿ ಇದು ಒಂದೊಂದಕ್ಕೆ ಒಂದೊಂದು ಬಗೆ. ಜಿಎಸ್‌ಟಿ ಕಾಯ್ದೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕೆಂದು ಹೇಳುವುದರಿಂದ, ಉತ್ತರ ಏನೇ ಬಂದರೂ ಪ್ರತಿ ತಿಂಗಳ ಕೊನೆಯಲ್ಲಿ ಬಿಲ್ಲುಗಳ ಪಟ್ಟಿ, ದಾಸ್ತಾನು ಮತ್ತು ಬಾಕಿದಾರರ ಪಟ್ಟಿ ಮೂರನ್ನೂ ಹೊರತೆಗೆದು, ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಅಂಗಡಿಯ ಹೊರಗೆ ಇಡಿ.